ತೀರ್ಪಿನ ಓದು, ಕಡತದ ಎಣಿಕೆ: ಕಾನೂನು ಸಂಶೋಧನೆಯ ಎರಡು ದಾರಿಗಳು

ಕಾನೂನಿನ ಬಗ್ಗೆ ಎರಡು ಬೇರೆ ಬೇರೆ ಪ್ರಶ್ನೆಗಳನ್ನು ಕೇಳಬಹುದು. ಕಾನೂನು ಏನು ಹೇಳುತ್ತದೆ ಎಂಬುದು ಒಂದು. ಹೇಳಿದ್ದು ನ್ಯಾಯಾಲಯದಲ್ಲಿ, ಪೊಲೀಸ್ ಠಾಣೆಯಲ್ಲಿ, ಬೀದಿಯಲ್ಲಿ ಹೇಗೆ ನಡೆಯುತ್ತಿದೆ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಕಾಯ್ದೆಯ ಪಠ್ಯದಲ್ಲಿ, ತೀರ್ಪುಗಳಲ್ಲಿ ಸಿಗುತ್ತದೆ. ಅವನ್ನು ಓದಿ, ಒಂದಕ್ಕೊಂದು ಜೋಡಿಸಿ, ನಿಯಮವನ್ನು ಬಿಡಿಸಿ ಹೇಳುವ ಕ್ರಮಕ್ಕೆ ಡಾಕ್ಟ್ರಿನಲ್ ಸಂಶೋಧನೆ ಎನ್ನುತ್ತಾರೆ. ಎರಡನೆಯದಕ್ಕೆ ಎಷ್ಟು ಓದಿದರೂ ಉತ್ತರ ಸಿಗದು. ಕಡತಗಳನ್ನು ಎಣಿಸಬೇಕು, ಜನರನ್ನು ಕೇಳಬೇಕು, ಕಲಾಪಗಳನ್ನು ಕುಳಿತು ನೋಡಬೇಕು. ಇದು ಎಂಪಿರಿಕಲ್ ಸಂಶೋಧನೆ. ಕಾನೂನು ಕಾಲೇಜುಗಳಲ್ಲಿ ಇದನ್ನು ನಾನ್-ಡಾಕ್ಟ್ರಿನಲ್ ಎಂದೂ ಕರೆಯುವುದುಂಟು. ಪುಸ್ತಕದ ಕಾನೂನು ಮತ್ತು ನಡೆಯುವ ಕಾನೂನು ಬೇರೆ ಬೇರೆ ಎಂಬುದನ್ನು ಅಮೆರಿಕದ ನ್ಯಾಯಶಾಸ್ತ್ರಜ್ಞ ರಾಸ್ಕೊ ಪೌಂಡ್ 1910ರಲ್ಲೇ ಒಂದು ಪ್ರಸಿದ್ಧ ಲೇಖನದಲ್ಲಿ ಎತ್ತಿ ತೋರಿಸಿದ್ದರು.

ಎಲ್‌ಎಲ್.ಎಂ. ವಿದ್ಯಾರ್ಥಿ ಪ್ರಬಂಧದ ಸಿನಾಪ್ಸಿಸ್ ಬರೆಯಲು ಕುಳಿತಾಗ ಈ ಎರಡರಲ್ಲಿ ಒಂದನ್ನು ಆರಿಸಬೇಕಾಗುತ್ತದೆ. ಆಯ್ಕೆಯನ್ನು ವಿಷಯ ಮಾಡುವುದಿಲ್ಲ, ಪ್ರಶ್ನೆ ಮಾಡುತ್ತದೆ. ಒಂದೇ ವಿಷಯದ ಒಳಗೆ ಎರಡೂ ಬಗೆಯ ಪ್ರಶ್ನೆಗಳಿರುತ್ತವೆ. ಇದು ಸ್ಪಷ್ಟವಾಗಬೇಕಾದರೆ ಎಲ್ಲರಿಗೂ ಪರಿಚಿತವಾದ ಒಂದು ವಿಷಯವನ್ನು ಎತ್ತಿಕೊಂಡು ಕೊನೆಯವರೆಗೆ ನಡೆಸಿ ನೋಡಬೇಕು. ಚೆಕ್ ಬೌನ್ಸ್ ಪ್ರಕರಣ ಅದಕ್ಕೆ ತಕ್ಕದ್ದು.

ಒಂದು ಕಲಮಿನ ಕಥೆ

1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಗೆ 1988ರಲ್ಲಿ ತಂದ ತಿದ್ದುಪಡಿಯಿಂದ 138ನೇ ಕಲಂ ಸೇರಿತು. ಖಾತೆಯಲ್ಲಿ ಹಣವಿಲ್ಲದೆ ಚೆಕ್ ವಾಪಸಾದರೆ ಅದು ಅಪರಾಧವಾಗಬಹುದು ಎಂದಾಯಿತು. ಆದರೆ ಚೆಕ್ ವಾಪಸಾದ ಮಾತ್ರಕ್ಕೆ ಅಪರಾಧ ಪೂರ್ಣವಾಗುವುದಿಲ್ಲ. ಬ್ಯಾಂಕಿನಿಂದ ಮಾಹಿತಿ ಬಂದ 30 ದಿನಗಳೊಳಗೆ ಚೆಕ್ ಕೊಟ್ಟವರಿಗೆ ನೋಟಿಸ್ ಕಳಿಸಬೇಕು. ನೋಟಿಸ್ ತಲುಪಿದ 15 ದಿನಗಳಲ್ಲೂ ಹಣ ಬಾರದಿದ್ದರೆ ಆಗ ಅಪರಾಧ ಪೂರ್ಣವಾಗುತ್ತದೆ. ಅಲ್ಲಿಂದ ಒಂದು ತಿಂಗಳೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ದೂರು ಸಲ್ಲಿಸಬೇಕು. ದೂರು ದಾಖಲಾದ ಆರು ತಿಂಗಳಲ್ಲಿ ವಿಚಾರಣೆ ಮುಗಿಸಲು ಯತ್ನಿಸಬೇಕು ಎಂದು 143ನೇ ಕಲಂ ಹೇಳುತ್ತದೆ.

ನಡೆದದ್ದು ಬೇರೆ. 2019ರ ಡಿಸೆಂಬರ್ 31ಕ್ಕೆ ದೇಶದಲ್ಲಿ ಬಾಕಿಯಿದ್ದ 2.31 ಕೋಟಿ ಕ್ರಿಮಿನಲ್ ಪ್ರಕರಣಗಳಲ್ಲಿ 35.16 ಲಕ್ಷ ಚೆಕ್ ಬೌನ್ಸಿಗೆ ಸೇರಿದವು ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2021ರ ಏಪ್ರಿಲ್‌ನ ಆದೇಶದಲ್ಲಿ ದಾಖಲಿಸಿತು. ಇದಕ್ಕೂ ಮೊದಲೇ, 2018ರ ಸೆಪ್ಟೆಂಬರ್ 1ರಿಂದ, ಸಂಸತ್ತು 143ಎ ಎಂಬ ಹೊಸ ಕಲಂ ಜಾರಿಗೆ ತಂದಿತ್ತು. ಆರೋಪಿ ತಪ್ಪೊಪ್ಪಿಕೊಳ್ಳದೆ ವಿಚಾರಣೆ ಎದುರಿಸುತ್ತೇನೆ ಎಂದಾಗ, ಚೆಕ್ ಮೊತ್ತದ ಶೇ 20 ಮೀರದಷ್ಟು ಹಣವನ್ನು ಮಧ್ಯಂತರ ಪರಿಹಾರವಾಗಿ ದೂರುದಾರರಿಗೆ ಕೊಡಿಸಲು ಅದು ನ್ಯಾಯಾಲಯಕ್ಕೆ ಅವಕಾಶ ಕೊಟ್ಟಿತು. ವಿಚಾರಣೆಯನ್ನು ಸುಮ್ಮನೆ ಎಳೆದುಕೊಂಡು ಹೋಗುವ ಆಸೆ ಆರೋಪಿಗೆ ಇಲ್ಲದಂತೆ ಮಾಡುವುದು ಉದ್ದೇಶ.

ಈ ಒಂದು ಕಲಮಿನ ಮೇಲೆ ಎರಡು ಪ್ರಬಂಧ ಬರೆಯಬಹುದು. ಮಧ್ಯಂತರ ಪರಿಹಾರ ಕೊಡಿಸುವುದು ಕಡ್ಡಾಯವೋ, ನ್ಯಾಯಾಲಯದ ವಿವೇಚನೆಗೆ ಬಿಟ್ಟದ್ದೋ ಎಂದು ಕೇಳಿದರೆ ಅದು ಡಾಕ್ಟ್ರಿನಲ್. ಈ ಕಲಂ ಬಂದ ಮೇಲೆ ಪ್ರಕರಣಗಳು ಬೇಗ ಮುಗಿಯುತ್ತಿವೆಯೇ ಎಂದು ಕೇಳಿದರೆ ಎಂಪಿರಿಕಲ್.

ಓದುವ ಕೆಲಸ

ಮೊದಲ ಪ್ರಶ್ನೆಗೆ ಕಾಯ್ದೆಯ ಮಾತೇ ಆರಂಭ. ಇಂಗ್ಲಿಷ್ ಮೂಲದಲ್ಲಿ ನ್ಯಾಯಾಲಯ ಪರಿಹಾರ ಕೊಡಿಸ‘ಬಹುದು’ ಎಂಬ ಅರ್ಥದ ‘ಮೇ’ ಎಂಬ ಪದವಿದೆ, ಕೊಡಿಸ‘ತಕ್ಕದ್ದು’ ಎಂಬ ಅರ್ಥದ ‘ಶಲ್’ ಇಲ್ಲ. ಮೇಲ್ನೋಟಕ್ಕೆ ವಿಷಯ ಮುಗಿಯಿತು ಎನಿಸುತ್ತದೆ. ಆದರೆ ಅದೇ ತಿದ್ದುಪಡಿಯಲ್ಲಿ ಸೇರಿದ 148ನೇ ಕಲಮಿನಲ್ಲೂ ಇದೇ ‘ಮೇ’ ಇದೆ. ಶಿಕ್ಷೆಯಾದ ಆರೋಪಿ ಮೇಲ್ಮನವಿ ಸಲ್ಲಿಸಿದಾಗ ದಂಡ ಅಥವಾ ಪರಿಹಾರದ ಮೊತ್ತದಲ್ಲಿ ಕನಿಷ್ಠ ಶೇ 20 ಠೇವಣಿ ಇಡಲು ಆದೇಶಿಸಬಹುದು ಎನ್ನುವ ಕಲಂ ಅದು. 2019ರ ಸುರಿಂದರ್ ಸಿಂಗ್ ದೇಸ್ವಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅಲ್ಲಿನ ‘ಮೇ’ಯನ್ನು ಸಾಮಾನ್ಯವಾಗಿ ‘ಶಲ್’ ಎಂದೇ ಓದಬೇಕು ಎಂದಿತು. ಹಾಗಾದರೆ 143ಎ ಕಲಮಿನ ‘ಮೇ’ಗೂ ಅದೇ ಅರ್ಥವೇ? ಹೈಕೋರ್ಟುಗಳು ಇಲ್ಲಿ ಬೇರೆ ಬೇರೆ ದಾರಿ ಹಿಡಿದವು. ಕಡ್ಡಾಯ ಎಂದು ಛತ್ತೀಸಗಢ ಹೈಕೋರ್ಟ್ ಓದಿತು, ವಿವೇಚನೆ ಎಂದು ಮದ್ರಾಸ್ ಹೈಕೋರ್ಟ್ ಓದಿತು.

ಡಾಕ್ಟ್ರಿನಲ್ ಸಂಶೋಧಕರ ನಿಜವಾದ ಕೆಲಸ ಈ ಭಿನ್ನಾಭಿಪ್ರಾಯದ ಬುಡಕ್ಕೆ ಹೋಗುವುದು. ಎರಡೂ ಕಲಂಗಳ ಪದ ಒಂದೇ ಆದರೂ ಅವು ಕೆಲಸಕ್ಕೆ ಬರುವ ಘಟ್ಟ ಬೇರೆ. 148ನೇ ಕಲಂ ಬಳಕೆಯಾಗುವಾಗ ಆರೋಪಿ ತಪ್ಪಿತಸ್ಥ ಎಂದು ಒಂದು ನ್ಯಾಯಾಲಯ ಆಗಲೇ ತೀರ್ಮಾನಿಸಿರುತ್ತದೆ. 143ಎ ಬಳಕೆಯಾಗುವಾಗ ಒಬ್ಬ ಸಾಕ್ಷಿಯ ಪಾಟೀಸವಾಲೂ ನಡೆದಿರುವುದಿಲ್ಲ. 2024ರ ಮಾರ್ಚ್ 15ರಂದು ರಾಕೇಶ್ ರಂಜನ್ ಶ್ರೀವಾಸ್ತವ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ವ್ಯತ್ಯಾಸವನ್ನೇ ಹಿಡಿದು, 143ಎ ಅಡಿಯ ಅಧಿಕಾರ ಕಡ್ಡಾಯವಲ್ಲ ಎಂದು ಹೇಳಿತು. ದೂರಿನಲ್ಲಿ ಮೇಲ್ನೋಟಕ್ಕೆ ಹುರುಳಿದೆಯೇ, ಆರೋಪಿಯ ಪ್ರತಿವಾದ ನಂಬುವಂತಿದೆಯೇ, ಆತನ ಹಣದ ಸ್ಥಿತಿ ಹೇಗಿದೆ ಎಂಬುದನ್ನೆಲ್ಲ ನೋಡಿ, ಕಾರಣ ಬರೆದು ಆದೇಶ ಮಾಡಬೇಕು ಎಂದಿತು.

ಇಂಥ ಓದಿನಲ್ಲಿ ಕ್ರಮವಿದೆ. ಮೊದಲು ಪಠ್ಯ, ಆಮೇಲೆ ನೆರೆಯ ಕಲಂಗಳು, ತಿದ್ದುಪಡಿಯ ಉದ್ದೇಶದ ಹೇಳಿಕೆ, ಹೈಕೋರ್ಟುಗಳ ತೀರ್ಪು, ಕೊನೆಗೆ ಸುಪ್ರೀಂ ಕೋರ್ಟ್. ಪ್ರತಿ ತೀರ್ಪಿನಲ್ಲೂ ಫಲಿತಾಂಶಕ್ಕೆ ಆಧಾರವಾದ ಕಾರಣವನ್ನು, ಮಾತಿಗೆ ಬಂದು ಹೋದ ಟಿಪ್ಪಣಿಗಳಿಂದ ಬೇರ್ಪಡಿಸಬೇಕು. ಏಕೆಂದರೆ ಸಂವಿಧಾನದ 141ನೇ ವಿಧಿಯಂತೆ ಕೆಳಗಿನ ನ್ಯಾಯಾಲಯಗಳನ್ನು ಕಟ್ಟಿಹಾಕುವುದು ಸುಪ್ರೀಂ ಕೋರ್ಟ್ ಸಾರಿದ ಕಾನೂನೇ ಹೊರತು ತೀರ್ಪಿನ ಪ್ರತಿಯೊಂದು ವಾಕ್ಯವೂ ಅಲ್ಲ.

ಈ ದಾರಿಯಲ್ಲಿ ಎಡವುವುದು ಎರಡು ಕಡೆ. ತೀರ್ಪುಗಳ ಸಾರಾಂಶವನ್ನು ಒಂದರ ಕೆಳಗೊಂದು ಬರೆದು ಅದನ್ನೇ ವಿಶ್ಲೇಷಣೆ ಎಂದುಕೊಳ್ಳುವುದು ಮೊದಲನೆಯದು. ಅಧ್ಯಾಯದ ತೀರ್ಪುಗಳ ಕ್ರಮವನ್ನು ಅದಲುಬದಲು ಮಾಡಿದರೂ ವಾದಕ್ಕೆ ಏನೂ ಆಗದಿದ್ದರೆ ಅಲ್ಲಿ ವಾದವೇ ಇಲ್ಲ ಎಂದು ತಿಳಿಯಬಹುದು. ಎರಡನೆಯದು, ಸುಪ್ರೀಂ ಕೋರ್ಟ್ ಆಗಲೇ ತೀರ್ಮಾನಿಸಿದ ಪ್ರಶ್ನೆಯನ್ನು ಮತ್ತೆ ಕೇಳುವುದು. 2024ರ ತೀರ್ಪಿನ ನಂತರ ‘ಕಡ್ಡಾಯವೋ ಅಲ್ಲವೋ’ ಎಂಬ ಪ್ರಶ್ನೆಗೆ ಜೀವವಿಲ್ಲ. ಆದರೆ ಆರೋಪಿಯ ಸಾಲದ ಸ್ಥಿತಿ ಮತ್ತು ದೂರಿನ ಹುರುಳು ಎದುರುಬದುರಾದಾಗ ಯಾವುದಕ್ಕೆ ಹೆಚ್ಚು ತೂಕ ಕೊಡಬೇಕು ಎಂಬ ಪ್ರಶ್ನೆಗೆ ಜೀವವಿದೆ.

ಓದು ನಿಲ್ಲುವ ಜಾಗ

2022ರಲ್ಲಿ ಕರ್ನಾಟಕದಿಂದ ಹೋದ ನೂರ್ ಮೊಹಮ್ಮದ್ ಪ್ರಕರಣ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಯಿತು. ಆರೋಪಿ ಮಧ್ಯಂತರ ಪರಿಹಾರ ಕಟ್ಟಿರಲಿಲ್ಲ. ಆ ಕಾರಣಕ್ಕೆ ದೂರುದಾರರನ್ನು ಪಾಟೀಸವಾಲು ಮಾಡುವ ಅವಕಾಶವನ್ನೇ ವಿಚಾರಣಾ ನ್ಯಾಯಾಲಯ ನಿರಾಕರಿಸಿತ್ತು. ಅದು ಸಲ್ಲದು, ಕಟ್ಟದ ಹಣವನ್ನು ದಂಡದಂತೆ ವಸೂಲು ಮಾಡಬಹುದೇ ಹೊರತು ಪಾಟೀಸವಾಲಿನ ಹಕ್ಕನ್ನು ಕಸಿಯುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು.

ಡಾಕ್ಟ್ರಿನಲ್ ಓದುಗರಿಗೆ ಇಲ್ಲಿ ನಿಯಮ ಸಿಕ್ಕಿತು. ಆದರೆ ಇಂಥ ಆದೇಶಗಳು ಎಷ್ಟು ನ್ಯಾಯಾಲಯಗಳಲ್ಲಿ ಆಗಿದ್ದವು, ತೀರ್ಪಿನ ನಂತರ ನಿಂತವೇ ಎಂಬುದನ್ನು ಈ ತೀರ್ಪು ಹೇಳುವುದಿಲ್ಲ. ವರದಿಯಾಗುವ ತೀರ್ಪುಗಳು ಮೇಲಿನ ಕೋರ್ಟಿನವರೆಗೆ ಹೋಗುವ ಹಣ ಮತ್ತು ತಾಳ್ಮೆ ಇದ್ದವರದು. ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲೇ ರಾಜಿಯಾಗಿ ಹೋದವರು, ಬೇಸತ್ತು ಬರುವುದನ್ನೇ ಬಿಟ್ಟವರು ಲಾ ರಿಪೋರ್ಟಿನಲ್ಲಿ ಕಾಣಿಸುವುದಿಲ್ಲ. ಆದ್ದರಿಂದ ‘ನ್ಯಾಯಾಲಯಗಳು ಸಾಮಾನ್ಯವಾಗಿ ಹೀಗೆ ಮಾಡುತ್ತವೆ’ ಎಂಬ ವಾಕ್ಯವನ್ನು ಹತ್ತು ವರದಿಯಾದ ತೀರ್ಪುಗಳ ಬಲದಿಂದ ಬರೆಯಲಾಗದು. ಪ್ರಬಂಧದ ಕರಡಿನಲ್ಲಿ ‘ಸಾಮಾನ್ಯವಾಗಿ’, ‘ಹೆಚ್ಚಿನ’, ‘ಪರಿಣಾಮವಾಗಿ’ ಎಂಬ ಪದಗಳು ಬಂದ ಕಡೆಯೆಲ್ಲ ಒಂದು ಎಂಪಿರಿಕಲ್ ಪ್ರಶ್ನೆ ಅಡಗಿ ಕುಳಿತಿರುತ್ತದೆ.

ಎಣಿಸುವ ಕೆಲಸ

ಪ್ರಕರಣಗಳು ಬೇಗ ಮುಗಿಯುತ್ತಿವೆಯೇ ಎಂಬ ಎರಡನೆಯ ಪ್ರಶ್ನೆಗೆ ಕಡತ ಬೇಕು. ಇ-ಕೋರ್ಟ್ಸ್ ಜಾಲತಾಣದಲ್ಲಿ ಪ್ರತಿ ಪ್ರಕರಣಕ್ಕೂ ಸಿಎನ್‌ಆರ್ ಎಂಬ 16 ಅಕ್ಷರ-ಅಂಕಿಗಳ ಗುರುತಿದೆ. ದಾಖಲಾದ ದಿನ, ಮುಂದಿನ ದಿನಾಂಕ, ಪ್ರಕರಣ ಇರುವ ಹಂತ, ವಿಲೇವಾರಿಯಾದ ದಿನ ಅಲ್ಲಿ ಸಿಗುತ್ತವೆ. ಆದರೆ ತೆರೆಯ ಮೇಲೆ ಕಾಣುವ ದಿನಾಂಕಕ್ಕೂ ಅರ್ಥ ತಿಳಿದಿರಬೇಕು. ಕರ್ನಾಟಕದ ಮ್ಯಾಜಿಸ್ಟ್ರೇಟ್ ಕೋರ್ಟುಗಳಲ್ಲಿ ಖಾಸಗಿ ದೂರು ಮೊದಲು ಪಿಸಿಆರ್ ಸಂಖ್ಯೆ ಪಡೆಯುತ್ತದೆ. ನ್ಯಾಯಾಲಯ ಅದನ್ನು ಪರಿಗಣನೆಗೆ ತೆಗೆದುಕೊಂಡ ಮೇಲೆ ಸಿಸಿ ಸಂಖ್ಯೆ ಬರುತ್ತದೆ. ಸಿಸಿ ಆದ ದಿನದಿಂದ ಕಾಲ ಎಣಿಸಿದವರು ಅದಕ್ಕೂ ಮೊದಲು ದೂರುದಾರ ಕಾದ ದಿನಗಳನ್ನು ಬಿಟ್ಟಂತಾಗುತ್ತದೆ. ಎರಡನ್ನೂ ಬೇರೆ ಬೇರೆ ಪ್ರಕರಣ ಎಂದು ಎಣಿಸಿದವರ ಲೆಕ್ಕ ಇಮ್ಮಡಿಯಾಗುತ್ತದೆ.

ಯಾವ ಪ್ರಕರಣಗಳನ್ನು ಆರಿಸಬೇಕು ಎಂಬುದು ಇನ್ನೂ ದೊಡ್ಡ ಪ್ರಶ್ನೆ. ಮುಗಿದ ಪ್ರಕರಣಗಳನ್ನೇ ತೆಗೆದುಕೊಂಡರೆ ಸರಾಸರಿ ಅವಧಿ ಚಿಕ್ಕದಾಗಿ ಕಾಣುತ್ತದೆ, ಏಕೆಂದರೆ ಅತಿ ಹೆಚ್ಚು ಎಳೆದವು ಇನ್ನೂ ಮುಗಿದೇ ಇಲ್ಲ. ಹಾಗಾಗಿ ದಾಖಲಾದ ದಿನವನ್ನು ಆಧರಿಸಿ ಒಂದು ಗುಂಪನ್ನು ಆರಿಸಿ, ಮುಗಿದವು ಮತ್ತು ಬಾಕಿ ಇರುವವು ಎರಡನ್ನೂ ಹಿಂಬಾಲಿಸಬೇಕು.

ಆಮೇಲೆ ಹೋಲಿಕೆ. ಮಧ್ಯಂತರ ಪರಿಹಾರ ಸಿಕ್ಕ ಪ್ರಕರಣಗಳು ಸಿಗದವುಗಳಿಗಿಂತ ಬೇಗ ಮುಗಿದವು ಎಂದು ಕಂಡುಬಂದರೂ ಅದು 143ಎ ಕಲಮಿನ ಫಲ ಎನ್ನಲಾಗದು. ಗಟ್ಟಿ ದೂರಿಗೆ ಪರಿಹಾರವೂ ಸುಲಭವಾಗಿ ಸಿಗುತ್ತದೆ, ರಾಜಿಯೂ ಬೇಗ ಆಗುತ್ತದೆ. ಹೋಲಿಕೆಗೆ ಬೇರೆ ಆಧಾರ ಬೇಕು. ಆ ಆಧಾರವನ್ನು ಡಾಕ್ಟ್ರಿನಲ್ ಓದೇ ಒದಗಿಸುತ್ತದೆ. 2019ರ ಜಿ.ಜೆ. ರಾಜ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, 143ಎ ಜಾರಿಗೆ ಬಂದ ನಂತರ ನಡೆದ ಅಪರಾಧಗಳಿಗೆ ಮಾತ್ರ ಅದು ಅನ್ವಯಿಸುತ್ತದೆ ಎಂದು ಹೇಳಿದೆ. ಅಂದರೆ 2018ರ ಸೆಪ್ಟೆಂಬರ್ 1ರ ಆಚೆಗೊಂದು ಈಚೆಗೊಂದು ಎಂದು ಎರಡು ಗುಂಪುಗಳನ್ನು ಕಾನೂನೇ ಮಾಡಿಟ್ಟಿದೆ.

ಇಲ್ಲಿ ದಿನಾಂಕವನ್ನು ಹತ್ತಿರದಿಂದ ನೋಡಬೇಕು. 2018ರ ಸೆಪ್ಟೆಂಬರ್ 20ರಂದು ಸಲ್ಲಿಕೆಯಾದ ಒಂದು ದೂರನ್ನು ಊಹಿಸೋಣ. ದೂರು ಸಲ್ಲಿಸಲು ಒಂದು ತಿಂಗಳ ಅವಧಿ ಇರುವುದರಿಂದ, ಅಪರಾಧ ಆಗಸ್ಟ್ ಕೊನೆಯಲ್ಲೇ ಪೂರ್ಣವಾಗಿದ್ದಿರಬಹುದು. ದೂರಿನ ದಿನಾಂಕ ಮಾತ್ರ ನೋಡಿದವರು ಇದನ್ನು ತಪ್ಪು ಗುಂಪಿಗೆ ಹಾಕುತ್ತಾರೆ. ಆದ್ದರಿಂದ ಸೆಪ್ಟೆಂಬರ್ ತಿಂಗಳ ದೂರುಗಳನ್ನು ಪೂರ್ತಿ ಕೈಬಿಟ್ಟು, ಜೂನ್‌ನಿಂದ ಆಗಸ್ಟ್‌ವರೆಗಿನವನ್ನು ಮೊದಲ ಗುಂಪಾಗಿ, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನವನ್ನು ಎರಡನೆಯ ಗುಂಪಾಗಿ ಇಟ್ಟುಕೊಳ್ಳುವುದು ಕ್ಷೇಮ. ತಡವಾಗಿ ಬಂದು ವಿಳಂಬ ಮನ್ನಾ ಪಡೆದ ದೂರುಗಳನ್ನು ಕಡತ ನೋಡಿ ಬೇರೆ ತೆಗೆಯಬೇಕು. 2020ರ ಮಾರ್ಚ್ ಕೊನೆಯಲ್ಲಿ ಲಾಕ್‌ಡೌನ್ ಬಂದು ಕಲಾಪಗಳೇ ಸ್ಥಗಿತವಾದವು. ಆದ ಕಾರಣ ಪ್ರತಿ ಪ್ರಕರಣವನ್ನೂ ದಾಖಲಾದ ದಿನದಿಂದ 14 ತಿಂಗಳವರೆಗೆ ಮಾತ್ರ ಹಿಂಬಾಲಿಸಬೇಕು. ಡಿಸೆಂಬರ್ 31ರಂದು ದಾಖಲಾದ ದೂರಿಗೂ ಆ ಅವಧಿ ಫೆಬ್ರವರಿ ಕೊನೆಗೆ ಮುಗಿಯುತ್ತದೆ. ಆಗ ಲಾಕ್‌ಡೌನಿನ ನೆರಳು ಯಾವ ಗುಂಪಿನ ಮೇಲೂ ಬೀಳುವುದಿಲ್ಲ.

ಒಂದೇ ಕಡತ, ಮೂರು ಉತ್ತರ

ಎಣಿಕೆಯಲ್ಲಿ ಹೆಚ್ಚಿನ ತಪ್ಪುಗಳು ಭಾಗಿಸುವ ಸಂಖ್ಯೆಯಲ್ಲಿ ಆಗುತ್ತವೆ. ಎರಡನೆಯ ಗುಂಪಿನಿಂದ 400 ಪ್ರಕರಣಗಳನ್ನು ಚೀಟಿ ಎತ್ತಿದಂತೆ ಆರಿಸಲಾಗಿದೆ ಎಂದುಕೊಳ್ಳೋಣ. ಮುಂದಿನ ಅಂಕಿಗಳು ಕೇವಲ ಉದಾಹರಣೆಗೆ. ಈ 400ರಲ್ಲಿ ಆರೋಪಿ ಹಾಜರಾಗಿ ತಪ್ಪೊಪ್ಪಿಕೊಳ್ಳದೆ ಹೇಳಿಕೆ ಕೊಟ್ಟದ್ದು 220ರಲ್ಲಿ. ಮಧ್ಯಂತರ ಪರಿಹಾರಕ್ಕೆ ದೂರುದಾರರು ಅರ್ಜಿ ಹಾಕಿದ್ದು 90ರಲ್ಲಿ. ಆದೇಶ ಆದದ್ದು 30ರಲ್ಲಿ.

ನ್ಯಾಯಾಲಯಗಳು ಎಷ್ಟು ಪ್ರಕರಣಗಳಲ್ಲಿ ಪರಿಹಾರ ಕೊಡಿಸುತ್ತವೆ ಎಂಬುದಕ್ಕೆ ಈಗ ಮೂರು ಉತ್ತರಗಳಿವೆ. ಎಲ್ಲ ಪ್ರಕರಣಗಳಿಗೆ ಹೋಲಿಸಿದರೆ ಶೇ 7.5. ಕಲಂ ಅನ್ವಯವಾಗುವ ಹಂತಕ್ಕೆ ಬಂದ ಪ್ರಕರಣಗಳಲ್ಲಿ ಸುಮಾರು ಶೇ 14. ಅರ್ಜಿ ಹಾಕಿದವರಲ್ಲಿ ಮೂರರಲ್ಲಿ ಒಬ್ಬರಿಗೆ. ಮೂರೂ ಸರಿ, ಆದರೆ ಮೂರೂ ಬೇರೆ ಪ್ರಶ್ನೆಗಳ ಉತ್ತರ. ಮೊದಲನೆಯದು ಕಾನೂನು ಎಷ್ಟು ಜನರನ್ನು ಮುಟ್ಟಿತು ಎನ್ನುತ್ತದೆ. ಕೊನೆಯದು ಮ್ಯಾಜಿಸ್ಟ್ರೇಟರ ಒಲವನ್ನು ತೋರಿಸುತ್ತದೆ. ಆರೋಪಿಯೇ ಹಾಜರಾಗದ ಕಡತಗಳು ಮತ್ತೊಂದು ಸಂಗತಿ ತೋರಿಸುತ್ತವೆ. ಸಮನ್ಸ್ ಜಾರಿಯಾಗದಿದ್ದರೆ 143ಎ ಕಲಂ ಎಚ್ಚರಗೊಳ್ಳುವುದೇ ಇಲ್ಲ. ಆಗ ವಿಳಂಬದ ಮದ್ದನ್ನು ಪರಿಹಾರದ ಆದೇಶದಲ್ಲಿ ಹುಡುಕುವುದಕ್ಕಿಂತ ಸಮನ್ಸ್ ತಲುಪಿಸುವ ವ್ಯವಸ್ಥೆಯಲ್ಲಿ ಹುಡುಕಬೇಕಾಗುತ್ತದೆ.

ಮಾದರಿಯ ಗಾತ್ರವೂ ಇಲ್ಲಿಯೇ ತಿಳಿಯುತ್ತದೆ. ಸುಮಾರು 385 ಪ್ರಕರಣಗಳ ಮಾದರಿಯಲ್ಲಿ ಸಿಗುವ ಶೇಕಡಾವಾರು ಅಂಕಿ, ಶೇ 95ರ ವಿಶ್ವಾಸದ ಮಟ್ಟದಲ್ಲಿ, ನಿಜದಿಂದ ಹೆಚ್ಚೆಂದರೆ 5 ಅಂಶ ಆಚೀಚೆ ಇರುತ್ತದೆ. ಆದರೆ ಅರ್ಜಿ ಹಾಕಿದ 90 ಪ್ರಕರಣಗಳಿಗೆ ಇಳಿದಾಗ ಆ ಅಂತರ ಸುಮಾರು 10 ಅಂಶಕ್ಕೆ ಹಿಗ್ಗುತ್ತದೆ. ‘ಮೂರರಲ್ಲಿ ಒಂದು’ ಎಂಬುದು ನಿಜದಲ್ಲಿ ಶೇ 23ರಿಂದ 43ರವರೆಗೆ ಎಲ್ಲಿಯಾದರೂ ಇರಬಹುದು. ಪರಿಹಾರದ ಆದೇಶಗಳೇ ಇಷ್ಟು ವಿರಳವಾಗಿದ್ದರೆ, ಎರಡು ಗುಂಪುಗಳ ವೇಗದಲ್ಲಿ ವ್ಯತ್ಯಾಸ ಕಾಣದೇ ಹೋಗುವ ಸಂಭವವೇ ಹೆಚ್ಚು. ಆಗ ‘ಕಲಂ ಕೆಲಸ ಮಾಡಲಿಲ್ಲ’ ಎಂದು ಬರೆಯುವುದು ತಪ್ಪು. ಅದು ಬಳಕೆಗೇ ಬರಲಿಲ್ಲ ಎಂಬುದು ಸರಿಯಾದ ತೀರ್ಮಾನ.

ಅಂಕಿಗಳು ‘ಎಷ್ಟು’ ಎನ್ನುತ್ತವೆ, ‘ಏಕೆ’ ಎನ್ನುವುದಿಲ್ಲ. 220 ದೂರುದಾರರಲ್ಲಿ 130 ಮಂದಿ ಅರ್ಜಿಯನ್ನೇ ಹಾಕಲಿಲ್ಲ ಏಕೆ? ಅರ್ಜಿ ಹಾಕಿದರೆ ಆಕ್ಷೇಪಣೆ, ವಾದ ಎಂದು ಇನ್ನಷ್ಟು ದಿನ ಹೋಗುತ್ತದೆ ಎಂದು ವಕೀಲರು ಎಣಿಸಿದರೇ? ಇದಕ್ಕೆ ಸಂದರ್ಶನ ಬೇಕು. ಹದಿನೈದು ಇಪ್ಪತ್ತು ವಕೀಲರನ್ನು ಕೇಳಿದರೆ ಕಾರಣಗಳ ಬಗೆ ತಿಳಿಯುತ್ತದೆ, ಅವುಗಳ ಪ್ರಮಾಣ ತಿಳಿಯುವುದಿಲ್ಲ. ಇಪ್ಪತ್ತರಲ್ಲಿ ಹನ್ನೆರಡು ಜನ ಹೀಗೆಂದರು ಎಂಬುದನ್ನು ಶೇ 60 ಎಂದು ಬರೆದು ಇಡೀ ವಕೀಲ ವೃಂದಕ್ಕೆ ಅನ್ವಯಿಸುವುದು ಸಿನಾಪ್ಸಿಸ್‌ಗಳಲ್ಲಿ ಪದೇ ಪದೇ ಕಾಣುವ ದೋಷ.

ಆಯ್ಕೆ ಮತ್ತು ಸಿನಾಪ್ಸಿಸ್

ಆಯ್ಕೆಗೆ ಮೊದಲ ಹೆಜ್ಜೆ ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ ಬರೆದು, ಅದರ ಉತ್ತರ ತಪ್ಪು ಎಂದು ಯಾವುದರಿಂದ ಸಾಬೀತಾದೀತು ಎಂದು ಕೇಳಿಕೊಳ್ಳುವುದು. ಒಂದು ತೀರ್ಪೋ ಕಲಮೋ ಉತ್ತರವನ್ನು ಬುಡಮೇಲು ಮಾಡಬಲ್ಲುದಾದರೆ ಪ್ರಶ್ನೆ ಡಾಕ್ಟ್ರಿನಲ್. ಕಡತಗಳ ಎಣಿಕೆಯೋ ಜನರ ಅನುಭವವೋ ಮಾತ್ರ ಅದನ್ನು ತಳ್ಳಿಹಾಕಬಲ್ಲುದಾದರೆ ಎಂಪಿರಿಕಲ್.

ಎರಡನೆಯದು ಕಾಲದ ಲೆಕ್ಕ. ಒಂದು ಕಡತವನ್ನು ಓದಿ ವಿವರ ತುಂಬಲು 15 ನಿಮಿಷ ಹಿಡಿದರೆ 400 ಕಡತಗಳಿಗೆ 100 ಗಂಟೆ ಬೇಕು. ಎರಡು ಗುಂಪು ಇದ್ದರೆ 200 ಗಂಟೆ. ಅದಕ್ಕೂ ಮೊದಲು ಹತ್ತು ಕಡತಗಳನ್ನು ತೆರೆದು ನೋಡಬೇಕು. ಬೇಕಾದ ಆದೇಶಗಳು ಜಾಲತಾಣದಲ್ಲಿ ಇಲ್ಲದಿದ್ದರೆ ಕೋರ್ಟಿನ ದಾಖಲೆ ಕೊಠಡಿಗೆ ಹೋಗಬೇಕಾಗುತ್ತದೆ, ಅದಕ್ಕೆ ಅನುಮತಿ ಬೇಕು. ನ್ಯಾಯಾಧೀಶರ ಸಂದರ್ಶನಕ್ಕೆ ಅನುಮತಿ ಪಡೆಯುವುದು ಇನ್ನೂ ತಡ. ಅನುಮತಿ ಸಿಗದಿದ್ದರೆ ಪ್ರಬಂಧವೇ ನಿಂತುಹೋಗುವಂಥ ಯೋಜನೆಯನ್ನು ಒಂದು ವರ್ಷದ ಕೋರ್ಸಿನಲ್ಲಿ ಹಾಕಿಕೊಳ್ಳಬಾರದು.

ಹೀಗೆ ನೋಡಿದಾಗ, ಒಬ್ಬ ವಿದ್ಯಾರ್ಥಿಯ ಕೈಗೆ ನಿಲುಕುವ ಪ್ರಶ್ನೆ ಹೆಚ್ಚಾಗಿ ಎರಡೂ ದಾರಿ ಕೂಡುವ ಕಡೆ ಸಿಗುತ್ತದೆ. ಉದಾಹರಣೆಗೆ, ಕಾರಣ ಬರೆಯಬೇಕು ಎಂದು 2024ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ, ಒಂದು ಜಿಲ್ಲೆಯ ಮ್ಯಾಜಿಸ್ಟ್ರೇಟ್ ಕೋರ್ಟುಗಳ 143ಎ ಆದೇಶಗಳಲ್ಲಿ ಕಾರಣಗಳು ಕಾಣುತ್ತಿವೆಯೇ? ಇದರ ಮೊದಲ ಅಧ್ಯಾಯ ಪೂರ್ತಿ ಡಾಕ್ಟ್ರಿನಲ್. ತೀರ್ಪು ಯಾವ ಯಾವ ಅಂಶಗಳನ್ನು ನೋಡಬೇಕೆಂದು ಹೇಳಿದೆ ಎಂದು ಅದು ಪಟ್ಟಿ ಮಾಡುತ್ತದೆ. ಆ ಪಟ್ಟಿಯೇ ಎರಡನೆಯ ಅಧ್ಯಾಯದಲ್ಲಿ ಎಣಿಕೆಯ ನಮೂನೆಯಾಗುತ್ತದೆ. ಪ್ರತಿ ಆದೇಶವನ್ನೂ ಓದಿ, ಪ್ರತಿ ಅಂಶ ಚರ್ಚೆಯಾಗಿದೆಯೇ ಇಲ್ಲವೇ ಎಂದು ಗುರುತು ಹಾಕಲಾಗುತ್ತದೆ. ‘ಚರ್ಚೆಯಾಗಿದೆ’ ಎಂದರೆ ಏನು ಎಂಬುದನ್ನು ಮೊದಲೇ ಬರೆದಿಡಬೇಕು. ಆರೋಪಿಯ ಹಣಕಾಸಿನ ಬಗ್ಗೆ ಒಂದು ವಾಕ್ಯ ಇದ್ದರೆ ಸಾಕೇ, ಆ ಪ್ರಕರಣದ ವಿವರ ಇರಬೇಕೇ ಎಂಬುದು ತೀರ್ಮಾನವಾಗಿರಬೇಕು. ಹತ್ತರಲ್ಲಿ ಒಂದು ಆದೇಶವನ್ನು ಸಹಪಾಠಿಯೊಬ್ಬರಿಗೆ ಕೊಟ್ಟು, ಮೊದಲ ಗುರುತುಗಳನ್ನು ತೋರಿಸದೆ ಗುರುತು ಹಾಕಿಸಬೇಕು. ಇಬ್ಬರ ಗುರುತುಗಳು ಮತ್ತೆ ಮತ್ತೆ ಬೇರೆಯಾದರೆ ದೋಷ ಓದಿದವರದಲ್ಲ, ನಮೂನೆಯದು. ಅದನ್ನು ತಿದ್ದಿ ಮತ್ತೆ ಆರಂಭಿಸಬೇಕು.

ಸಿನಾಪ್ಸಿಸ್‌ನ ಸಂಶೋಧನಾ ವಿಧಾನದ ಭಾಗದಲ್ಲಿ ‘ಡಾಕ್ಟ್ರಿನಲ್ ಹಾಗೂ ಎಂಪಿರಿಕಲ್ ವಿಧಾನಗಳನ್ನು ಬಳಸಲಾಗುವುದು’ ಎಂಬ ಒಂದು ಸಾಲು ಏನನ್ನೂ ಹೇಳುವುದಿಲ್ಲ. ಡಾಕ್ಟ್ರಿನಲ್ ಭಾಗಕ್ಕೆ ಯಾವ ಕಲಂ, ಯಾವ ನ್ಯಾಯಾಲಯಗಳ ತೀರ್ಪು, ಯಾವ ದಿನದಿಂದ ಯಾವ ದಿನದವರೆಗೆ ಎಂದು ಬರೆಯಬೇಕು. ಎಂಪಿರಿಕಲ್ ಭಾಗಕ್ಕೆ ಯಾವ ಜಿಲ್ಲೆ, ಯಾವ ಅವಧಿಯ ಎಷ್ಟು ಆದೇಶ, ಆರಿಸುವ ಬಗೆ ಹೇಗೆ, ಏನೇನನ್ನು ಗುರುತು ಹಾಕಲಾಗುತ್ತದೆ, ಕಕ್ಷಿದಾರರ ಹೆಸರುಗಳನ್ನು ಹೇಗೆ ಮರೆಮಾಡಲಾಗುತ್ತದೆ ಎಂದು ಬರೆಯಬೇಕು. ಜಾಲತಾಣಕ್ಕೆ ಏರಿಸದ ಆದೇಶಗಳು ಲೆಕ್ಕಕ್ಕೆ ಸಿಗುವುದಿಲ್ಲ ಎಂಬ ಮಿತಿಯೂ, ಒಂದು ಜಿಲ್ಲೆಯ ಉತ್ತರ ಇಡೀ ರಾಜ್ಯದ್ದಲ್ಲ ಎಂಬ ಮಿತಿಯೂ ಅಲ್ಲಿಯೇ ದಾಖಲಾಗಬೇಕು. ಕೊನೆಯಲ್ಲಿ ಯಾವ ಪ್ರಶ್ನೆಗೆ ಯಾವ ಭಾಗ ಉತ್ತರ ಕೊಡುತ್ತದೆ ಎಂದು ಜೋಡಿಸಿ ತೋರಿಸಿದರೆ, ಆಯ್ದ ವಿಧಾನ ಪ್ರಶ್ನೆಗೆ ಒಪ್ಪುತ್ತದೆಯೇ ಎಂಬುದನ್ನು ಮಾರ್ಗದರ್ಶಕರು ಒಂದೇ ಓದಿಗೆ ಹೇಳಬಲ್ಲರು.